ಗೇರುಬೀಜ ಫ್ಯಾಕ್ಟರಿ, ಅಮ್ಮನ ಕೈ ಮತ್ತು ರಜೆ ಅರ್ಜಿ

ಪ್ರಶ್ನೆ: ಅಮ್ಮ ಮಂಜೇಶ್ವರ ಕಡೆ ಗೇರುಬೀಜ ಫ್ಯಾಕ್ಟರಿಯಲ್ಲಿ ಬೀಜ ಒಡೆಯುವ ಕೆಲಸ ಮಾಡ್ತಾರೆ. ಎರಡೂ ಕೈ ಬಿರಿದು ರಕ್ತ ಬರ್ತಿದೆ. ಹಗುರ ಕೆಲಸ, ರಜೆ ಎರಡೂ ಬೇಕು. ಮೇನೇಜರಿಗೆ ಹೇಗೆ ಬರೆಯೋದು?

ನಾನು ಇಂಥದ್ದೇ ಒಂದು ಫ್ಯಾಕ್ಟರಿಯ ಆಫೀಸಲ್ಲಿ ಕೆಲಸ ಮಾಡುವವ, ಇಂಥ ಅರ್ಜಿ ತುಂಬಾ ನೋಡಿದ್ದೇನೆ. 'ಹಗುರ ಕೆಲಸ ಕೊಡಿ' ಅಂತ ಸುಮ್ನೆ ಬರೆಯಬೇಡಿ. ಹಾಗೆ ಬರೆದರೆ ಸೂಪರ್‌ವೈಸರ್ ಅಮ್ಮನನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಹಾಕ್ತಾರೆ. ಭಾರ ಇಲ್ಲ ನಿಜ, ಆದರೆ ಬಿರಿದ ಕೈಗೆ ಸೋಪು ನೀರು ಬಿದ್ದರೆ ಗಾಯ ಇನ್ನೂ ಜಾಸ್ತಿ ಆಗ್ತದೆ. ಕೈ ಸುಡುವುದು ಬೀಜದ ಸಿಪ್ಪೆಯ ಎಣ್ಣೆ. ಅದು ಒಡೆಯುವಲ್ಲೇ ಹೆಚ್ಚು, ಒಣಗಿಸಿ ಹೊಟ್ಟು ತೆಗೆದ ತಿರುಳಲ್ಲಿ ತೀರಾ ಕಡಿಮೆ. ಹಾಗಾಗಿ ಆ ತಿರುಳನ್ನು ಗಾತ್ರ, ಬಣ್ಣ ನೋಡಿ ಬೇರೆ ಮಾಡುವ ಗ್ರೇಡಿಂಗ್ ಕೆಲಸವನ್ನೇ ಹೆಸರು ಹೇಳಿ ಕೇಳಿ.

ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ವಾರದ ರಜೆಯಲ್ಲಿ ಕಡಿಮೆ ಆಗಿ, ಕೆಲಸಕ್ಕೆ ಹೋದ ಮೇಲೆ ಮತ್ತೆ ಹೆಚ್ಚಾಗ್ತದಾ ಅಂತ ಹೇಳಿ, ಕೆಲಸದಿಂದಲೇ ಬಂದದ್ದು ಅನ್ನಲು ಅದು ದೊಡ್ಡ ಗುರುತು. ಚೀಟಿಯಲ್ಲಿ 'ಎಣ್ಣೆ, ಸೋಪು, ನೀರು ತಾಗಬಾರದು' ಅಂತ ಬರೆಸಿಕೊಳ್ಳಿ. ಆಮೇಲೆ ಅರ್ಜಿ:

"ಮಾನ್ಯ ಮೇನೇಜರರಿಗೆ, ನಾನು ಬೀಜ ಒಡೆಯುವ ವಿಭಾಗದಲ್ಲಿದ್ದೇನೆ. ಸಿಪ್ಪೆಯ ಎಣ್ಣೆ ತಾಗಿ ಎರಡೂ ಕೈಗೆ ತೀವ್ರ ಚರ್ಮರೋಗ ಆಗಿದೆ. ಬೆರಳ ಸಂದಿ ಬಿರಿದು ಮೆಷಿನ್ ಹಿಡಿ ಹಿಡಿಯಲು ಆಗುತ್ತಿಲ್ಲ. ಡಾಕ್ಟರ ಚೀಟಿ ಇದರ ಜೊತೆಗಿದೆ. ಅದರಂತೆ ___ರಿಂದ ___ರವರೆಗೆ ರಜೆ ಕೊಡಬೇಕು. ನಂತರ ಡಾಕ್ಟರ್ ಮತ್ತೆ ಪರೀಕ್ಷೆ ಮಾಡುವ ತನಕ ಎಣ್ಣೆ, ಸೋಪು ನೀರು ತಾಗದ ಗ್ರೇಡಿಂಗ್ ಕೆಲಸ ಕೊಡಬೇಕು. ಆ ಕೆಲಸದ ಕೂಲಿ ಎಷ್ಟೆಂದೂ ತಿಳಿಸಬೇಕು."

ರಜೆ ಮುಗಿದ ಮೇಲೂ ಗ್ರೇಡಿಂಗ್ ಯಾಕೆ ಅಂತ ಕೇಳ್ತಾರೆ. ಗಾಯ ಒಣಗಿ ಕೈ ಚಂದ ಕಂಡರೂ ಒಳಗಿನ ಚರ್ಮ ಗಟ್ಟಿಯಾಗಲು ಇನ್ನೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ಒಡೆಯಲು ಕೂತರೆ ಪುನಃ ಅದೇ ಕಥೆ. ಬಟ್ಟೆ ಗ್ಲೌಸ್ ಹಾಕಿ ಒಡೆಯಿರಿ ಅಂದರೆ ಒಪ್ಪಬೇಡಿ. ಬಟ್ಟೆ ಎಣ್ಣೆ ಹೀರಿ ದಿನವಿಡೀ ಕೈಗೆ ಒತ್ತಿಕೊಂಡೇ ಇರ್ತದೆ. ಕೂಲಿಯ ಸಾಲು ಕೂಡ ಬಿಡಬೇಡಿ, ಕಿಲೋ ಲೆಕ್ಕದಲ್ಲಿ ದುಡಿಯುವವರಿಗೆ ಕೆಲಸ ಬದಲಾದರೆ ಸಂಬಳ ಇಳಿಯಬಹುದು.

ಕಾರ್ಮಿಕರ ವಿಮೆ ಇ.ಎಸ್.ಐ. ಇದ್ದರೆ ರಜೆಯ ಸರ್ಟಿಫಿಕೇಟ್ ಅವರ ಡಿಸ್ಪೆನ್ಸರಿಯಿಂದಲೇ ತನ್ನಿ. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ರಜೆಗೆ ಕೂಲಿಯ 70 ಶೇಕಡಾ, ವರ್ಷಕ್ಕೆ 91 ದಿನದವರೆಗೆ ಸಿಗ್ತದೆ. ಕೆಲಸದಿಂದ ಬಂದ ರೋಗ ಅಂತ ಅವರು ಒಪ್ಪಿದರೆ 90 ಶೇಕಡಾ. ಅದಕ್ಕೇ ಅರ್ಜಿಯಲ್ಲಿ 'ಸಿಪ್ಪೆಯ ಎಣ್ಣೆ ತಾಗಿ' ಅನ್ನುವ ಮಾತು ಇರಲೇಬೇಕು.

ಮೇನೇಜರ್ ಮಲಯಾಳಿ ಆದರೆ ಮಲಯಾಳದಲ್ಲೂ ಒಂದು ಪ್ರತಿ ಬರೆಸಿ ಕೊಡಿ. ನಿಮ್ಮ ಪ್ರತಿಯ ಮೇಲೆ ತಾರೀಕು ಹಾಕಿಸಿ ಸೀಲ್ ತಗೊಳ್ಳಿ, ಸೀಲ್ ಕೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ.