ಬಾಡಿಗೆ ಮನೆಯ ಬಚ್ಚಲಿಗೆ ದೊಡ್ಡ ಶವರ್ ಬೇಡ, ಕೈಶವರ್ ಸಾಕು

ಪ್ರಶ್ನೆ: ವಿಜಯಪುರದಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆಯಲ್ಲಿದ್ದೇವೆ. ಒಂದೇ ಅಂತಸ್ತಿನ ಮನೆ, ಮಾಳಿಗೆಯ ಮೇಲೆ ಟ್ಯಾಂಕ್ ಇದೆ. ಗೋಡೆಗೆ ತೂತು ಹಾಕಬಾರದು ಎಂದು ಮಾಲೀಕರು ಮೊದಲೇ ಹೇಳಿದ್ದಾರೆ. ಶವರಿನಲ್ಲಿ ನೀರು ನೂಲಿನಂತೆ ಬರುತ್ತದೆ. ಎಂಟು ಇಂಚಿನ ಶವರ್ ತಂದು ಹಾಕಿದರೆ ಸರಿಹೋಗುತ್ತದೆಯೇ? ಅಂಟಿಸುವ ಕೊಕ್ಕೆಗಳನ್ನು ತಂದಿದ್ದೆ, ಎರಡೇ ದಿನದಲ್ಲಿ ಬಿದ್ದವು. ಅಮ್ಮನಿಗೆ ಮಂಡಿನೋವು, ಕುಳಿತು ಸ್ನಾನ ಮಾಡಲು ಏನಾದರೂ ವ್ಯವಸ್ಥೆ ಬೇಕು. ಮನೆ ಬಿಡುವಾಗ ಎಲ್ಲವನ್ನೂ ತೆಗೆದುಕೊಂಡು ಹೋಗುವಂತಿರಬೇಕು.

ಉತ್ತರ: ಎಂಟು ಇಂಚಿನ ಶವರ್ ಬೇಡ. ಅದನ್ನು ಹಾಕಿದರೆ ಈಗಿರುವುದಕ್ಕಿಂತ ಕಡೆಯಾಗುತ್ತದೆ. ಕಾರಣ ನಿಮ್ಮ ಟ್ಯಾಂಕಿನ ಎತ್ತರದಲ್ಲಿದೆ. ಒಂದಂತಸ್ತಿನ ಮನೆಯಲ್ಲಿ ಮಾಳಿಗೆ ಸುಮಾರು ಹತ್ತು ಅಡಿ ಎತ್ತರದಲ್ಲಿರುತ್ತದೆ, ಟ್ಯಾಂಕಿನ ಕಟ್ಟೆ ಇನ್ನೊಂದು ಮೂರು ಅಡಿ. ಶವರ್ ಇರುವುದು ಏಳು ಅಡಿಯಲ್ಲಿ. ಅಂದರೆ ಟ್ಯಾಂಕಿನ ತಳಕ್ಕೂ ಶವರಿಗೂ ಆರೇ ಅಡಿ ಅಂತರ. ನೀರಿನ ಒತ್ತಡವೆಂಬುದು ಈ ಅಂತರದಿಂದಲೇ ಹುಟ್ಟುವುದು. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ. ನಿಮ್ಮ ಆರು ಅಡಿಗೆ ಸಿಗುವುದು 0.18 ಬಾರ್ ಮಾತ್ರ. ದೊಡ್ಡ ಶವರುಗಳ ಪೆಟ್ಟಿಗೆಯ ಮೇಲೆ ಕನಿಷ್ಠ ಒತ್ತಡ ಎಷ್ಟಿರಬೇಕೆಂದು ಸಾಮಾನ್ಯವಾಗಿ ಬರೆದಿರುತ್ತದೆ, ಅದು ಬಹುತೇಕ ಇದಕ್ಕಿಂತ ಹೆಚ್ಚೇ ಇರುತ್ತದೆ. ಅಷ್ಟೇ ನೀರನ್ನು ನೂರಕ್ಕೂ ಹೆಚ್ಚು ತೂತುಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ದಕ್ಕುವುದು ಹನಿ ಮಾತ್ರ. ಹೋಟೆಲಿನಲ್ಲಿ ಮಳೆಯಂತೆ ಸುರಿಯುವ ಶವರಿನ ಹಿಂದೆ ಒತ್ತಡ ಹೆಚ್ಚಿಸುವ ಪಂಪ್ ಇರುತ್ತದೆ.

ಆದರೆ ಏನನ್ನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೆಯ ಶವರನ್ನು ಬಿಚ್ಚಿ, ಬರಿಯ ಕೊಳವೆಯ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟು ನಳವನ್ನು ಪೂರ್ತಿ ತಿರುಗಿಸಿ. ಒಂದು, ಒಂದೂವರೆ ನಿಮಿಷದಲ್ಲಿ ತುಂಬಿದರೆ ನೀರು ಸಾಕಷ್ಟಿದೆ, ಕೆಟ್ಟಿರುವುದು ಶವರ್. ಮೂರು ನಿಮಿಷ ದಾಟಿದರೆ ಯಾವ ಶವರ್ ಹಾಕಿದರೂ ಪ್ರಯೋಜನವಿಲ್ಲ. ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ವ್ ಅರ್ಧ ಮುಚ್ಚಿದೆಯೇ, ಪೈಪಿನೊಳಗೆ ಉಪ್ಪು ಕಟ್ಟಿದೆಯೇ ಎಂದು ನೋಡಬೇಕಾಗುತ್ತದೆ. ಅದು ಮಾಲೀಕರ ಕೆಲಸ, ನಿಮ್ಮ ಹಣದ್ದಲ್ಲ.

ಬಿಚ್ಚುವಾಗ ಒಂದು ಎಚ್ಚರ. ಎಡಗೈಯಲ್ಲಿ ಗೋಡೆಯಿಂದ ಹೊರಬಂದ ಕೊಳವೆಯನ್ನು ಗಟ್ಟಿಯಾಗಿ ಹಿಡಿದೇ ಬಲಗೈಯಲ್ಲಿ ಶವರನ್ನು ತಿರುಗಿಸಬೇಕು. ಕೊಳವೆಯನ್ನು ಹಿಡಿಯದೆ ಪಾನಾ ಹಾಕಿ ತಿರುಗಿಸಿದರೆ ಶವರಿನ ಬದಲು ಗೋಡೆಯೊಳಗಿನ ಜೋಡಣೆ ಸಡಿಲವಾಗುತ್ತದೆ. ಆ ಸೋರಿಕೆ ಅಂದೇ ಕಾಣುವುದಿಲ್ಲ. ಕೆಲವು ವಾರಗಳ ನಂತರ ಗೋಡೆಯ ಆಚೆ ಬದಿಯಲ್ಲಿ ಬಣ್ಣ ಉಬ್ಬಿ, ತೇವದ ಕಲೆ ಮೂಡುತ್ತದೆ. ಠೇವಣಿ ಹಣದ ಜಗಳ ಶುರುವಾಗುವುದು ಅಲ್ಲಿಂದ. ಕೊಳವೆಯೇ ತಿರುಗುತ್ತಿದೆ ಎನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ಉಪ್ಪು ಕಟ್ಟಿ ಶವರ್ ಬಿಗಿದುಕೊಂಡಿದ್ದರೆ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅದಕ್ಕೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಅರ್ಧ ಗಂಟೆ ಬಿಡಿ. ಪಾನಾ ಹಚ್ಚುವ ಜಾಗಕ್ಕೆ ಹಳೆಯ ಬಟ್ಟೆ ಸುತ್ತಿದರೆ ಲೋಹದ ಹೊಳಪಿಗೆ ಗೀರು ಬೀಳುವುದಿಲ್ಲ.

ನನ್ನ ಸಲಹೆ ಒಂದೂವರೆ ಮೀಟರ್ ಮೆತುಕೊಳವೆಯ ಕೈಶವರ್. ನಿಮ್ಮ ಎರಡು ತೊಂದರೆಗಳಿಗೆ ಅದೊಂದೇ ಮದ್ದು. ಇದೇ ಶವರನ್ನು ಏಳು ಅಡಿಯಿಂದ ನಾಲ್ಕು ಅಡಿಗೆ ಇಳಿಸಿ ಹಿಡಿದರೆ ಟ್ಯಾಂಕಿನ ತಳದಿಂದ ಅಂತರ ಆರು ಅಡಿ ಇದ್ದದ್ದು ಒಂಬತ್ತು ಅಡಿಯಾಗುತ್ತದೆ, ಒತ್ತಡ ಒಂದೂವರೆ ಪಟ್ಟಾಗುತ್ತದೆ. ನಿಮ್ಮ ತಾಯಿಯವರು ಕುಳಿತು ಸ್ನಾನ ಮಾಡುವ ಎತ್ತರವೂ ಸರಿಸುಮಾರು ಅದೇ. ತೀರ ಸಣ್ಣ ತೂತಿನ ‘ಹೆಚ್ಚು ಒತ್ತಡದ’ ಶವರನ್ನು ಆರಿಸಬೇಡಿ. ವಿಜಯಪುರದ ಬೋರ್‌ವೆಲ್ ನೀರಿಗೆ ಆ ತೂತುಗಳು ಬೇಗ ಕಟ್ಟಿಕೊಳ್ಳುತ್ತವೆ. ಮೂರು, ನಾಲ್ಕು ಇಂಚಿನ ಮುಖ, ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುವ ರಬ್ಬರ್ ಮೊನೆಗಳು, ಇಷ್ಟಿದ್ದರೆ ಸಾಕು. ಒಳಗೆ ನೀರನ್ನು ತಡೆಯುವ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಇರಬಹುದು. ಅದನ್ನು ತೆಗೆದರೆ ಕಡಿಮೆ ಒತ್ತಡದ ಮನೆಯಲ್ಲಿ ಲಾಭವಿದೆ. ಅದರ ಪಕ್ಕದ ಜಾಲರಿಯನ್ನು ಮಾತ್ರ ತೆಗೆಯಬೇಡಿ, ಟ್ಯಾಂಕಿನ ಮರಳು, ತುಕ್ಕನ್ನು ತಡೆಯುವುದು ಅದೇ.

ಜೋಡಣೆಗೆ ಗೋಡೆಗೆ ತೂತು ಬೇಕಿಲ್ಲ. ನಮ್ಮಲ್ಲಿನ ಶವರ್ ಕೊಳವೆಗಳು ಸಾಮಾನ್ಯವಾಗಿ ಅರ್ಧ ಇಂಚಿನವು, ಅಂಗಡಿಯ ಕೈಶವರಿನ ಅಳತೆಯೂ ಅದೇ. ಕೊಳವೆಯ ತುದಿಗೇ ತಿರುಚಿ ಕೂರುವ, ಕೈಶವರನ್ನು ಸಿಕ್ಕಿಸಿಡುವ ಹಿಡಿಕೆ ಸಿಗುತ್ತದೆ. ಅದನ್ನು ಕೇಳಿ ಪಡೆಯಿರಿ, ಗೋಡೆಗೆ ಸ್ಕ್ರೂ ಹಾಕುವ ಹಿಡಿಕೆಯನ್ನು ವಾಪಸು ಕೊಡಿ. ಕೊಳವೆಯ ತಿರುಪಿನ ಹಳೆಯ ಟೇಪನ್ನು ತೆಗೆದು, ಹೊಸ ಟೆಫ್ಲಾನ್ ಟೇಪನ್ನು ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಐದಾರು ಸುತ್ತು ಸುತ್ತಿ. ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಮೇಲೇಳುತ್ತಿದ್ದರೆ ದಿಕ್ಕು ತಪ್ಪಿದೆ ಎಂದರ್ಥ. ಮೆತುಕೊಳವೆಯ ತುದಿಗಳಿಗೆ ಟೇಪ್ ಬೇಡ, ಒಳಗಿನ ರಬ್ಬರ್ ವಾಷರೇ ನೀರನ್ನು ತಡೆಯುತ್ತದೆ. ಅಲ್ಲಿ ಸೋರಿದರೆ ಇನ್ನಷ್ಟು ಬಿಗಿಯುವ ಬದಲು ವಾಷರ್ ನೆಟ್ಟಗೆ ಕೂತಿದೆಯೇ ನೋಡಿ. ನೀವು ಗ್ಯಾಸ್ ಗೀಸರ್ ಬಳಸುತ್ತಿದ್ದರೆ ಒಂದು ಮಾತು: ನೀರಿನ ಹರಿವು ಕಡಿಮೆಯಾದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಹಾಗಾಗಿ ಕೊಂಡ ದಿನವೇ ಬಿಸಿನೀರಿನಲ್ಲಿ ಪರೀಕ್ಷಿಸಿ. ಗೀಸರ್ ಬಚ್ಚಲಿನ ಒಳಗೇ ಇದ್ದರೆ ಅದನ್ನು ಹೊರಗೆ ಹಾಕಿಸುವಂತೆ ಮಾಲೀಕರಿಗೆ ಹೇಳಿ. ಅದರ ಹೊಗೆಗೆ ವಾಸನೆಯಿಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ.

ಇನ್ನು ಕೊಕ್ಕೆಗಳು ಬಿದ್ದ ವಿಚಾರ. ನಿಮ್ಮ ಟೈಲ್ಸ್ ಮೇಲೆ ಉಪ್ಪು ಮತ್ತು ಸೋಪಿನ ತೆಳು ಪದರ ಇರುತ್ತದೆ, ಕಣ್ಣಿಗೆ ಕಾಣದಿದ್ದರೂ ಒಣಗಿದ ಅಂಗೈಯಿಂದ ಸವರಿದರೆ ಒರಟೆನಿಸುತ್ತದೆ. ಅಂಟು ಹಿಡಿದದ್ದು ಆ ಪದರವನ್ನು, ಟೈಲ್ಸನ್ನಲ್ಲ. ಭಾರ ಬಿದ್ದಾಗ ಪದರವೇ ಕಿತ್ತು ಬಂತು. ಮೊದಲು ವಿನೆಗರಿಗೆ ಅಷ್ಟೇ ನೀರು ಬೆರೆಸಿ ಆ ಜಾಗವನ್ನು ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ನಂತರ ಔಷಧ ಅಂಗಡಿಯಲ್ಲಿ ಸಿಗುವ ಸ್ಪಿರಿಟ್‌ನಿಂದ ಒರೆಸಿ. ಟೈಲ್ಸ್ ನಡುವಿನ ಸಿಮೆಂಟ್ ಗೆರೆಯನ್ನು ಬಿಟ್ಟು, ಒಂದೇ ಟೈಲ್ಸ್‌ನ ಮಧ್ಯಭಾಗಕ್ಕೆ ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಒಂದು ದಿನ ಪೂರ್ತಿ ಏನನ್ನೂ ತೂಗಹಾಕಬಾರದು, ನೀರೂ ಸಿಡಿಯಬಾರದು. ಅಂಟಿಸಿದ ಗಳಿಗೆಯಲ್ಲೇ ಟವೆಲ್ ಹಾಕುವುದರಿಂದಲೇ ಬಹುಪಾಲು ಕೊಕ್ಕೆಗಳು ಬೀಳುವುದು. ಒಣಗಿದ ಟವೆಲ್ ಅರ್ಧ ಕಿಲೋ ಇದ್ದರೆ ಒದ್ದೆಯಾದದ್ದು ಒಂದು ಕಿಲೋ ದಾಟುತ್ತದೆ. ಪೊಟ್ಟಣದ ಮೇಲೆ ಎಷ್ಟು ಭಾರ ಎಂದು ಬರೆದಿರುತ್ತದೋ ಅದರ ಅರ್ಧವನ್ನಷ್ಟೇ ನಂಬಿ. ನಿಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟಿದಾಗ ಅಂಟು ಮೆದುವಾಗುತ್ತದೆ, ಚಳಿಗಾಲದಲ್ಲಿ ನಿಂತ ಕೊಕ್ಕೆ ಏಪ್ರಿಲಿನಲ್ಲಿ ಜಾರಬಹುದು.

ಗೋಡೆಯ ಅರ್ಧಕ್ಕೆ ಮಾತ್ರ ಟೈಲ್ಸ್ ಇದ್ದು ಮೇಲೆ ಬಣ್ಣ ಅಥವಾ ಸುಣ್ಣ ಇದ್ದರೆ ಅಲ್ಲಿ ಅಂಟಿಸುವ ಆಸೆಯನ್ನೇ ಬಿಡಿ. ಕೊಕ್ಕೆಯ ಜೊತೆ ಬಣ್ಣವೂ ಬರುತ್ತದೆ. ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕಂಬಿಕೊಕ್ಕೆ ಅಥವಾ ನೆಲದ ಮೇಲೆ ನಿಲ್ಲುವ ತುಕ್ಕು ಹಿಡಿಯದ ಮೂಲೆಯ ಸ್ಟ್ಯಾಂಡ್ ವಾಸಿ. ಶಾಂಪೂ, ಎಣ್ಣೆ, ಸೋಪು ಸೇರಿದರೆ ಎರಡು ಕಿಲೋ ಸುಲಭವಾಗಿ ಆಗುತ್ತದೆ, ಅಷ್ಟನ್ನು ಅಂಟಿನ ಮೇಲೆ ನಿಲ್ಲಿಸಲು ನಾನಂತೂ ಹೇಳುವುದಿಲ್ಲ.

ತಾಯಿಯವರಿಗೆ ಮಡಚಿ ಗೋಡೆಗೆ ಜೋಡಿಸುವ ಆಸನ ಬೇಡ, ಅದಕ್ಕೆ ಬೋಲ್ಟ್ ಬೇಕೇ ಬೇಕು. ಆಸ್ಪತ್ರೆ ಸಾಮಗ್ರಿ ಮಾರುವ ಅಂಗಡಿಯಲ್ಲಿ ಅಲ್ಯೂಮಿನಿಯಂ ಕಾಲುಗಳ ಸ್ನಾನದ ಕುರ್ಚಿ ಸಿಗುತ್ತದೆ. ಕಾಲುಗಳ ಎತ್ತರವನ್ನು ಒಂದೊಂದನ್ನೇ ಬೇರೆಬೇರೆಯಾಗಿ ಹೊಂದಿಸುವಂತಿರುವುದನ್ನೇ ಕೇಳಿ. ಬಚ್ಚಲ ನೆಲ ಮೋರಿಯ ಕಡೆಗೆ ಇಳಿಜಾರಾಗಿರುತ್ತದೆ, ಸಾಧಾರಣ ಸ್ಟೂಲು ಅಲ್ಲಿ ಅಲುಗಾಡುತ್ತದೆ. ಕುಳಿತಾಗ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮಂಡಿ ತೀರ ಮಡಚಬಾರದು. ಬಹುತೇಕರಿಗೆ 16ರಿಂದ 18 ಇಂಚು ಎತ್ತರ ಸರಿಹೊಂದುತ್ತದೆ. ಕಾಲಿನ ರಬ್ಬರ್ ಟೋಪಿಗಳು ಸವೆದರೆ ಬದಲಿಸಿ.

ಗಾಳಿಯ ಒತ್ತಡದಿಂದ ಗೋಡೆಗೆ ಅಂಟುವ ಹಿಡಿಕೆಯನ್ನು ಆಸರೆಗೆ ಕೊಡಬೇಡಿ. ಟವೆಲ್ ಹಾಕಲು ಸರಿ, ಮನುಷ್ಯರ ಭಾರಕ್ಕಲ್ಲ. ಗಡಸು ನೀರಿನ ಟೈಲ್ಸ್ ಮೇಲೆ ಅದರೊಳಗೆ ಗಾಳಿ ಮೆಲ್ಲಗೆ ನುಸುಳಿ ಸೂಚನೆಯಿಲ್ಲದೆ ಕಳಚುತ್ತದೆ. ಹೀರುಗುಂಡಿಗಳ ಪ್ಲಾಸ್ಟಿಕ್ ಚಾಪೆಯೂ ಶಹಾಬಾದ್ ಫರಸಿಯ ಒರಟು ಮೈಗೆ ಹಿಡಿಯುವುದಿಲ್ಲ. ಇದೊಂದಕ್ಕೆ ಮಾತ್ರ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಉಕ್ಕಿನ ಹಿಡಿಕಂಬಿಯನ್ನು ಗೋಡೆಗೆ ಹಾಕಿಸಿ. ಅದು ಮನೆಗೇ ಉಳಿಯುತ್ತದೆ ಎಂದರೆ ಬಹುತೇಕ ಮಾಲೀಕರು ಬೇಡವೆನ್ನುವುದಿಲ್ಲ.

ಉಪ್ಪು ತೆಗೆಯಲು ಅಂಗಡಿಯ ಆ್ಯಸಿಡ್ ತರಬೇಡಿ. ಶಹಾಬಾದ್, ಕಡಪಾ ಕಲ್ಲುಗಳೆರಡೂ ಸುಣ್ಣದಕಲ್ಲು, ಆ್ಯಸಿಡ್ ಬಿದ್ದಲ್ಲಿ ನೊರೆಯೆದ್ದು ಮೈ ಸವೆಯುತ್ತದೆ. ವಿನೆಗರೂ ಹುಳಿಯೇ, ಆದ್ದರಿಂದ ಶವರನ್ನು ಬಕೆಟಿನಲ್ಲಿಯೇ ನೆನೆಸಿ, ಆ ವಿನೆಗರನ್ನು ನೆಲಕ್ಕೆ ಚೆಲ್ಲದೆ ಮೋರಿಗೆ ಸಾಕಷ್ಟು ನೀರಿನೊಡನೆ ಬಿಡಿ.

ಹಳೆಯ ಶವರನ್ನು ಅದರ ವಾಷರಿನೊಂದಿಗೆ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿರಿ, ಬಿಚ್ಚುವ ಮೊದಲು ಬಚ್ಚಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿರಿ. ಮನೆ ಬಿಡುವಾಗ ಕೊಕ್ಕೆಯನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹಿಂದೆ ದಾರ ಎಳೆದು ಬಿಡಿಸಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಹೋಗುತ್ತದೆ. ಹಳೆಯ ಶವರನ್ನು ಹೊಸ ಟೇಪ್ ಸುತ್ತಿ ಕೂರಿಸುವುದನ್ನು ಕೀಲಿ ಒಪ್ಪಿಸುವ ಹಿಂದಿನ ದಿನವೇ ಮಾಡಿ. ಹತ್ತು ನಿಮಿಷ ನೀರು ಬಿಟ್ಟು, ಜೋಡಣೆಯ ಸುತ್ತ ಒಣ ಕಾಗದ ಒತ್ತಿ ನೋಡಿ. ಕಾಗದ ಒದ್ದೆಯಾದರೆ ಟೇಪ್ ಇನ್ನೆರಡು ಸುತ್ತು ಹೆಚ್ಚಿಸಿ ಮತ್ತೆ ಕೂರಿಸಲು ಆಗ ನಿಮಗೆ ಸಮಯ ಇರುತ್ತದೆ.