ಹಲವು ಊರುಗಳ ಆಫೀಸ್ ಟೂರ್: ಎಕ್ಸೆಲ್‌ನಲ್ಲಿ ಕಿಮೀ ಮತ್ತು ಸಮಯ ಕೂಡಿಸುವುದು

ಪ್ರಶ್ನೆ: ಆಫೀಸ್ ಕೆಲಸಕ್ಕೆ ಬೆಂಗಳೂರಿಂದ ಹೊರಟು ನಾಲ್ಕೈದು ಊರು ಸುತ್ತಿ ಬರ್ತೀನಿ. ಎಕ್ಸೆಲ್‌ನಲ್ಲಿ ಕಿಮೀ ಹೇಗೋ ಕೂಡುತ್ತೆ, ಸಮಯದ ಟೋಟಲ್ ಮಾತ್ರ ಏನೇನೋ ತೋರಿಸುತ್ತೆ. ಶೀಟ್ ಹೇಗೆ ಮಾಡಿಕೊಳ್ಳಬೇಕು?

ಪ್ರಯಾಣಕ್ಕೆ ಎಷ್ಟು ಹೊತ್ತಾಯಿತು ಅನ್ನೋದನ್ನು ನೀವು ಟೈಪ್ ಮಾಡಲೇಬೇಡಿ. ಹೊರಟ ಹೊತ್ತು, ತಲುಪಿದ ಹೊತ್ತು ಎರಡನ್ನೇ ಬರೆಯಿರಿ, ಅದೂ ತಾರೀಖಿನ ಸಮೇತ. ಉಳಿದದ್ದನ್ನು ಶೀಟೇ ಕಳೆದು ಕೂಡಿಸಲಿ. ಸಮಯದ ಗೊಂದಲ ಮುಕ್ಕಾಲು ಪಾಲು ಇಲ್ಲಿಗೇ ಮುಗಿಯುತ್ತದೆ.

ಒಂದು ಊರಿನಿಂದ ಇನ್ನೊಂದು ಊರಿಗೆ ಒಂದು ಸಾಲು. A ಎಲ್ಲಿಂದ, B ಎಲ್ಲಿಗೆ, C ಕಿಮೀ, D ಹೊರಟದ್ದು, E ತಲುಪಿದ್ದು, F ಪ್ರಯಾಣದ ಸಮಯ, G ಆ ಊರಲ್ಲಿ ಕಳೆದ ಸಮಯ. ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಮುಗಿಸಿ ವಾಪಸ್ ಬರುವ ಒಂದು ಟೂರ್ ಇಟ್ಟುಕೊಳ್ಳೋಣ. ದೂರಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ.

ಸಾಲು 2: ಬೆಂಗಳೂರು–ತುಮಕೂರು, 70 ಕಿಮೀ, ಸೋಮವಾರ 06:30ರಿಂದ 08:15
ಸಾಲು 3: ತುಮಕೂರು–ದಾವಣಗೆರೆ, 190 ಕಿಮೀ, ಸೋಮವಾರ 11:00ರಿಂದ 14:30
ಸಾಲು 4: ದಾವಣಗೆರೆ–ಹುಬ್ಬಳ್ಳಿ, 150 ಕಿಮೀ, ಸೋಮವಾರ 18:00ರಿಂದ 20:40
ಸಾಲು 5: ಹುಬ್ಬಳ್ಳಿ–ಬೆಳಗಾವಿ, 95 ಕಿಮೀ, ಮಂಗಳವಾರ 14:00ರಿಂದ 15:50
ಸಾಲು 6: ಬೆಳಗಾವಿ–ಬೆಂಗಳೂರು, 505 ಕಿಮೀ, ಮಂಗಳವಾರ 20:30ರಿಂದ ಬುಧವಾರ 05:45

ನಾನು ವಾರದ ಹೆಸರು ಬರೆದ ಕಡೆ ನೀವು ನಿಜವಾದ ತಾರೀಖು ಹಾಕಿ, ಒಂದು ಸ್ಪೇಸ್ ಬಿಟ್ಟು, ಅದೇ ಸೆಲ್‌ನಲ್ಲಿ ಗಂಟೆ ಬರೆಯಬೇಕು. ಫಾರ್ಮುಲಾ ಇಷ್ಟೇ:

```
A3:  =B2
F2:  =E2-D2
G2:  =D3-E2
C7:  =SUM(C2:C6)
F7:  =SUM(F2:F6)
G7:  =SUM(G2:G5)
```

A3, F2, G2 ಮೂರನ್ನೂ ಕೆಳಕ್ಕೆ ಎಳೆದುಕೊಳ್ಳಿ. G ಮಾತ್ರ ಐದನೇ ಸಾಲಿಗೇ ನಿಲ್ಲಲಿ, ಮನೆ ಸೇರಿದ ಮೇಲೆ ಲೆಕ್ಕವಿಲ್ಲ. ತಾರೀಖು ಸೆಲ್‌ನಲ್ಲೇ ಇರುವುದರಿಂದ ಕೊನೆ ಸಾಲಿನಲ್ಲಿ ಮಧ್ಯರಾತ್ರಿ ದಾಟಿದರೂ ತೊಂದರೆ ಇಲ್ಲ, 9:15 ಅಂತ ಸರಿಯಾಗೇ ಬರುತ್ತದೆ. ಬರೀ ಗಂಟೆ ಬರೆದಿದ್ದರೆ 05:45ರಿಂದ 20:30 ಕಳೆದು ಮೈನಸ್ ಆಗಿ, ಸೆಲ್ ತುಂಬ ##### ಬರುತ್ತಿತ್ತು.

ಈಗ ನೀವು ಹೇಳಿದ "ಏನೇನೋ". ಮೇಲಿನ ಟೂರ್‌ನಲ್ಲಿ ಊರುಗಳಲ್ಲಿ ಕಳೆದದ್ದು 2:45, 3:30, 17:20, 4:40. ಕೂಡಿದರೆ 28 ಗಂಟೆ 15 ನಿಮಿಷ. ಆದರೆ G7 ಮಾಮೂಲಿ h:mm ಫಾರ್ಮ್ಯಾಟ್‌ನಲ್ಲಿದ್ದರೆ ಕಾಣುವುದು 4:15. ಎಕ್ಸೆಲ್ ತಪ್ಪಾಗಿ ಕೂಡಿಲ್ಲ. ಅದಕ್ಕೆ ಒಂದು ದಿನ ಅಂದರೆ 1, ಗಂಟೆಗಳೆಲ್ಲ ಅದರ ಭಾಗ. ಮೊತ್ತ ಒಂದು ದಿನ ದಾಟಿದಾಗ ಮಾಮೂಲಿ h:mm ಫಾರ್ಮ್ಯಾಟ್ ಗೋಡೆ ಗಡಿಯಾರದ ಹಾಗೆ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ, 24 ಗಂಟೆ ಕಣ್ಣಿಗೆ ಬೀಳುವುದಿಲ್ಲ. F, G ಕಾಲಂ ಎರಡನ್ನೂ ಆಯ್ದುಕೊಂಡು Ctrl+1 ಒತ್ತಿ, Custom ಗೆ ಹೋಗಿ, ಇದನ್ನು ಹಾಕಿ:

```
[h]:mm
```

ಚೌಕ ಆವರಣ ಬಿಡಬಾರದು, ಕೆಲಸ ಮಾಡುವುದೇ ಅದು. ಗೂಗಲ್ ಶೀಟ್ಸ್‌ನಲ್ಲೂ ಇದೇ ನಡೆಯುತ್ತದೆ. ಈಗ G7ನಲ್ಲಿ 28:15, F7ನಲ್ಲಿ 19:00, C7ನಲ್ಲಿ 1010.

ಇನ್ನೊಂದು ರೋಗ ಚುಕ್ಕಿಯದ್ದು. ನಮ್ಮಲ್ಲಿ ಒಂದೂಮುಕ್ಕಾಲು ಗಂಟೆಯನ್ನು 1.45 ಅಂತ ಬರೆಯುವ ರೂಢಿ ಇದೆ. ಶೀಟಿಗೆ ಅದು ಗಂಟೆಯಲ್ಲ, ಬರೀ ದಶಾಂಶ. ಇದೇ ಐದು ಪ್ರಯಾಣಗಳನ್ನು 1.45, 3.30, 2.40, 1.50, 9.15 ಅಂತ ಕೂಡಿಸಿದರೆ 17.8 ಬರುತ್ತದೆ. ಸರಿಯಾದದ್ದು 19 ಗಂಟೆ. ನೋಡಲು ನಂಬುವಂತೆಯೇ ಇರುವುದರಿಂದ ಇದು ಮೊದಲಿನದಕ್ಕಿಂತ ಕೆಟ್ಟದ್ದು, ಬಿಲ್ ಪಾಸ್ ಆಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಹಳೇ ಶೀಟುಗಳಲ್ಲಿ ಹೀಗೆ ತುಂಬಿದ್ದರೆ ಮತ್ತೆ ಟೈಪ್ ಮಾಡಬೇಕಿಲ್ಲ. ಚುಕ್ಕಿಯ ಅಂಕಿ K2ನಲ್ಲಿದ್ದರೆ ಪಕ್ಕದ ಸೆಲ್‌ನಲ್ಲಿ ಇದನ್ನು ಹಾಕಿ, ಅದೇ [h]:mm ಫಾರ್ಮ್ಯಾಟ್ ಕೊಡಿ:

```
=INT(K2)/24+ROUND(MOD(K2,1)*100,0)/1440
```

ಇನ್ನು ಕಿಮೀ "ಹೇಗೋ ಕೂಡುತ್ತೆ" ಅಂದಿರಲ್ಲ, ಅದನ್ನೂ ಒಮ್ಮೆ ನೋಡಿಬಿಡಿ. ಮ್ಯಾಪ್‌ನಿಂದ "190 ಕಿಮೀ" ಅಂತ ಅಕ್ಷರ ಸಮೇತ ಅಂಟಿಸಿದರೆ ಎಕ್ಸೆಲ್ ಅದನ್ನು ಅಂಕಿ ಅಂತ ಒಪ್ಪುವುದಿಲ್ಲ. SUM ಎರರ್ ಕೂಡ ಕೊಡದೆ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, 1010 ಇರಬೇಕಾದಲ್ಲಿ 820 ಕಾಣುತ್ತದೆ. ಅಂಥ ಸೆಲ್ ಎಡಕ್ಕೆ ಅಂಟಿಕೊಂಡಿರುತ್ತದೆ, ನಿಜವಾದ ಅಂಕಿ ಬಲಕ್ಕೆ. =COUNT(C2:C6) ಹಾಕಿ ನೋಡಿ, 5 ಬರದಿದ್ದರೆ ಎಲ್ಲೋ ಅಕ್ಷರ ಸೇರಿದೆ. ಕಿಮೀ ಅಂತ ಕಾಣಲೇಬೇಕಿದ್ದರೆ ಸೆಲ್‌ನಲ್ಲಿ ಬರೆಯದೆ ಫಾರ್ಮ್ಯಾಟ್‌ಗೆ 0" ಕಿಮೀ" ಕೊಡಿ.

ಈ ಶೀಟಿನಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ತಾಳೆ ನೋಡುವುದು. ರಸ್ತೆಯಲ್ಲಿ ಕಳೆದದ್ದು, ಊರಲ್ಲಿ ಕಳೆದದ್ದು ಎರಡೂ ಸೇರಿದರೆ ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಪೂರ್ತಿ ಹೊತ್ತಿಗೆ ಸಮ ಆಗಲೇಬೇಕು. ಇಲ್ಲಿ 19:00 ಮತ್ತು 28:15 ಸೇರಿ 47:15. ಸೋಮವಾರ 06:30ರಿಂದ ಬುಧವಾರ 05:45ಕ್ಕೂ ಅಷ್ಟೇ.

```
=ROUND((F7+G7-(E6-D2))*1440,0)
```

ಇದು ವ್ಯತ್ಯಾಸವನ್ನು ನಿಮಿಷದಲ್ಲಿ ಕೊಡುತ್ತದೆ, 0 ಇರಬೇಕು. ಸಾಮಾನ್ಯವಾಗಿ ಇದು ಕೆಡುವುದು ನಡುವೆ ಸಾಲು ಸೇರಿಸಿದಾಗ. ದಾವಣಗೆರೆಯಿಂದ ಹರಿಹರಕ್ಕೂ ಹೋಗಿ ಬಂದೆ ಅಂತ ಒಂದು ಸಾಲು ತೂರಿಸಿದರೆ, ಹಿಂದಿನ ಸಾಲಿನ G ಹೊಸ ಸಾಲನ್ನು ಹಾರಿ ಅದರ ಮುಂದಿನದನ್ನೇ ಹಿಡಿದುಕೊಂಡಿರುತ್ತದೆ. ಹೊಸ ಪ್ರಯಾಣದ ಹೊತ್ತು ಎರಡು ಸಲ ಲೆಕ್ಕಕ್ಕೆ ಬರುತ್ತದೆ. A ಮತ್ತು Gಯ ಫಾರ್ಮುಲಾವನ್ನು ಮೇಲಿನಿಂದ ಮತ್ತೊಮ್ಮೆ ಎಳೆದರೆ ಸರಿಹೋಗುತ್ತದೆ. ಇದೇ ಕಾರಣಕ್ಕೆ ಈ ಶೀಟನ್ನು ಸಾರ್ಟ್ ಮಾಡಲು ಹೋಗಬೇಡಿ.

ಆದರೆ ತಾಳೆ ಸರಿ ಬಂದ ಮಾತ್ರಕ್ಕೆ ಬರೆದದ್ದು ಸರಿ ಅಂತಲ್ಲ. 18:00 ಬದಲು 16:00 ಅಂತ ಹೊಡೆದರೆ ಪ್ರಯಾಣ ಎರಡು ಗಂಟೆ ಏರಿ, ತಂಗಿದ್ದು ಎರಡು ಗಂಟೆ ಇಳಿದು, ವ್ಯತ್ಯಾಸ ಸೊನ್ನೆಯೇ ಇರುತ್ತದೆ. ಅದನ್ನು ಹಿಡಿಯಲು Hನಲ್ಲಿ ಸರಾಸರಿ ವೇಗ ಇಡಿ:

```
=C2/(F2*24)
```

ಗಂಟೆಯ ಸೆಲ್ ಒಳಗೆ ದಿನದ ಭಾಗ ಅಂದೆನಲ್ಲ, ಅದಕ್ಕೇ 24ರಿಂದ ಗುಣಿಸಬೇಕು. ಫಲಿತಾಂಶಕ್ಕೆ ಮಾಮೂಲಿ ನಂಬರ್ ಫಾರ್ಮ್ಯಾಟ್ ಕೊಡಿ. ಡ್ರೈವರ್‌ಗೆ ಗಂಟೆ ಲೆಕ್ಕದಲ್ಲಿ ಕೊಡುವುದಿದ್ದರೂ F7*24 ಮಾಡಿಯೇ ದರದಿಂದ ಗುಣಿಸಿ, ಇಲ್ಲದಿದ್ದರೆ 19 ಗಂಟೆಗೆ ಒಂದು ಗಂಟೆಯ ದುಡ್ಡೂ ಬರುವುದಿಲ್ಲ. ನಮ್ಮ ಟೂರ್‌ನಲ್ಲಿ ಹೆದ್ದಾರಿಯ ಸಾಲುಗಳೆಲ್ಲ 51ರಿಂದ 57ರ ಒಳಗೆ ಬರುತ್ತವೆ. ತುಮಕೂರಿನದು ಮಾತ್ರ 40, ಬೆಂಗಳೂರು ದಾಟುವುದಕ್ಕೇ ಅಷ್ಟು ಹೊತ್ತು ಬೇಕಲ್ಲ. ಹುಬ್ಬಳ್ಳಿ ಸಾಲಿನಲ್ಲಿ 16:00 ಅಂತ ಹೊಡೆದಿದ್ದರೆ ವೇಗ 32ಕ್ಕೆ ಬೀಳುತ್ತಿತ್ತು, ಆ ರಸ್ತೆ ಗೊತ್ತಿದ್ದವರಿಗೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ವೇಗ ಸೊನ್ನೆಯ ಹತ್ತಿರ ಇದ್ದು ಪ್ರಯಾಣ ನೂರಾರು ಗಂಟೆ ತೋರಿಸಿದರೆ ತಾರೀಖು ತಿರುಗಿದೆ ಅಂತ ಅರ್ಥ: ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದು 05-06 ಅನ್ನು ಮೇ 6 ಅಂತ ಓದಿಕೊಂಡಿರುತ್ತದೆ.

ಮ್ಯಾಪ್‌ನ ಕಿಮೀ ಊರಿಂದ ಊರಿಗೆ ಮಾತ್ರ. ಹುಬ್ಬಳ್ಳಿ ಒಳಗೆ ಡೀಲರ್‌ಗಳ ಹತ್ತಿರ ಸುತ್ತಿದ್ದು ಅದರಲ್ಲಿ ಇರುವುದಿಲ್ಲ. ಸ್ವಂತ ಕಾರಿನ ಕ್ಲೇಮ್ ಆದರೆ ಪ್ರತಿ ಊರು ತಲುಪಿದಾಗ, ಬಿಡುವಾಗ ಮೀಟರ್ ಫೋಟೋ ತೆಗೆದಿಟ್ಟುಕೊಂಡು, ಊರೊಳಗಿನ ಓಡಾಟಕ್ಕೆ ಬೇರೆ ಕಾಲಂ ಮಾಡಿ. ಅದನ್ನು Cಗೆ ಸೇರಿಸಿದರೆ ವೇಗದ ಕಾಲಂ ಕೆಡುತ್ತದೆ.