ಟೈಲರಿಂಗ್ ಅಂಗಡಿಯಲ್ಲಿ ಅಡ್ವಾನ್ಸ್ ಎಷ್ಟು, ಡೇಟ್ ಹೇಗೆ?

"ಬೆಂಗಳೂರಲ್ಲಿ ಚಿಕ್ಕ ಟೈಲರಿಂಗ್ ಅಂಗಡಿ ಹಾಕಿದ್ದೇನೆ. ಅಡ್ವಾನ್ಸ್ ಕೇಳಿದ್ರೆ ಗಿರಾಕಿ ಹೋಗ್ತಾರೆ, ಕೇಳದಿದ್ರೆ ಹೊಲಿದಿದ್ದು ಹ್ಯಾಂಗರ್‌ನಲ್ಲೇ ಉಳಿಯುತ್ತೆ. ಡೇಟ್ ಕೂಡ ತಪ್ಪುತ್ತಿದೆ. ಏನು ಮಾಡಲಿ?"

ಹನುಮಂತನಗರದಲ್ಲಿ ನನ್ನದು ಬ್ಲೌಸ್ ಅಂಗಡಿ. ಎರಡು ಮಿಷನ್, ನಾನು ಮತ್ತೆ ಒಬ್ಬಳು ಹುಡುಗಿ. ಅರ್ಧ ಹಣ ಮೊದಲೇ ತಗೊಳ್ಳುತ್ತೇನೆ. ಲೈನಿಂಗ್ ಬ್ಲೌಸ್‌ಗೆ 600 ಆದರೆ 300. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಒಬ್ಬರ ಅಳತೆಗೆ ಹೊಲಿದ ಬ್ಲೌಸ್ ಇನ್ನೊಬ್ಬರಿಗೆ ಮಾರೋಕಾಗಲ್ಲ ಅಲ್ವಾ?

ಡೇಟ್ ವಿಷಯದಲ್ಲಿ ನಾನೂ ಪೆಟ್ಟು ತಿಂದವಳೇ. ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರಿಗೆಲ್ಲ "ಗುರುವಾರ ಬನ್ನಿ" ಅಂದುಬಿಟ್ಟೆ. ಗುರುವಾರ ಸಂಜೆ ಹನ್ನೊಂದು ಬ್ಲೌಸ್‌ಗೆ ಹುಕ್ಕೇ ಹಾಕಿರಲಿಲ್ಲ. ಒಬ್ಬ ಆಂಟಿ ಬಾಗಿಲಲ್ಲೇ ಸ್ಟೂಲ್ ಎಳೆದುಕೊಂಡು ಕೂತರು, ರಾತ್ರಿ ಹತ್ತರವರೆಗೂ ಏಳಲಿಲ್ಲ.

ಈಗ ಡೈರಿಯಲ್ಲಿ ದಿನಕ್ಕೊಂದು ಪುಟ. ನಾವಿಬ್ಬರೂ ಸೇರಿ ದಿನಕ್ಕೆ ಆರು ಹೊಲಿಯಬಹುದು. ಆದರೂ ಪುಟಕ್ಕೆ ಐದೇ ಗೆರೆ. ಉಳಿದ ಹೊತ್ತು "ತೋಳು ಟೈಟ್ ಆಯ್ತು" ಅಂತ ವಾಪಸ್ ಬರುವವರಿಗೆ. ಬಟ್ಟೆ, ಅಳತೆ ಬ್ಲೌಸ್, ಅಡ್ವಾನ್ಸ್, ಈ ಮೂರೂ ಕೈಗೆ ಬಂದ ಮೇಲೇ ಹೆಸರು ಬರೆಯುತ್ತೇನೆ. "ಅಳತೆ ಬ್ಲೌಸ್ ನಾಳೆ ಕಳಿಸ್ತೀನಿ" ಅಂದರೆ ಡೇಟ್ ಹೇಳುವುದೂ ನಾಳೆಯೇ.

ಸೋಮವಾರ ಒಬ್ಬರು ಮೂರು ಬ್ಲೌಸ್ ತಂದರು ಅನ್ನಿ. ಬುಧವಾರದವರೆಗೆ ಪುಟ ಭರ್ತಿ. ಗುರುವಾರ ಎರಡು ಗೆರೆ ಖಾಲಿ, ಶುಕ್ರವಾರ ಒಂದು. ಶುಕ್ರವಾರ ಕೆಲಸ ಮುಗಿಯುತ್ತೆ, ಚೀಟಿಯಲ್ಲಿ ಭಾನುವಾರ ಅಂತ ಬರೆಯುತ್ತೇನೆ. ಹುಡುಗಿಗೆ ಜ್ವರ ಬಂದರೂ ಮಧ್ಯದ ಶನಿವಾರ ಕಾಪಾಡುತ್ತೆ. ಕಾಟನ್ ಲೈನಿಂಗ್ ಮಾತ್ರ ಸೋಮವಾರ ರಾತ್ರಿಯೇ ನೆನೆಸಿಡುತ್ತೇನೆ. ನೆನೆಸದೇ ಹೊಲಿದರೆ ಮೊದಲ ಒಗೆತಕ್ಕೇ ಒಳಗಿನ ಬಟ್ಟೆ ಕುಗ್ಗಿ, ಮೇಲಿನದು ಸುಕ್ಕು ಸುಕ್ಕಾಗುತ್ತೆ. ಶ್ರಾವಣದ ಮಳೆಯಲ್ಲಿ ಅದು ಒಣಗೋಕೇ ಒಂದು ದಿನ ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಚ್ಚು, ಆರಿ ವರ್ಕ್ ಹೊರಗೆ ಕೊಡುವುದಾದರೆ ಅವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಗಿರಾಕಿಗೆ ಡೇಟ್ ಹೇಳಿ.

ಹಣ ವಾಪಸ್ ಕೊಡುವ ವಿಷಯ ಚೀಟಿಯಲ್ಲೇ ಬರೆದಿದ್ದೇನೆ. ಕತ್ತರಿ ಹಾಕುವ ಮುಂಚೆ ಬೇಡ ಅಂದರೆ ಪೂರ್ತಿ ವಾಪಸ್, ಹಾಕಿದ ಮೇಲೆ ಇಲ್ಲ. ನಾನು ಡೇಟ್ ತಪ್ಪಿಸಿದರೆ ಬ್ಲೌಸ್‌ಗೆ 50 ಕಮ್ಮಿ. ಹಿಂದಿನ ಕುತ್ತಿಗೆ ಎಷ್ಟು ಇಂಚು ಡೀಪ್ ಅಂತ ಚೀಟಿಯ ಮೇಲೆ ಅವರ ಎದುರಿಗೇ ಚಿತ್ರ ಬಿಡಿಸಿ ಸೈನ್ ಹಾಕಿಸಿಕೊಳ್ಳುತ್ತೇನೆ. ಜಾಸ್ತಿ ಜಗಳ ಆಗುವುದೇ ಆ ಡೀಪ್ ವಿಷಯಕ್ಕೆ.

ಚೀಟಿಯ ಇನ್ನೊಂದು ಪ್ರತಿ ಬಟ್ಟೆಯ ಜೊತೆಗಿರಲಿ. ರೇಷ್ಮೆಗೆ ಮಾತ್ರ ಪಿನ್ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತೆ. ಲೈನಿಂಗ್ ತುಂಡಿಗೆ ಚುಚ್ಚಿ.